ಕೈ ರಿಗ್ಗಿನ ಹೊಸ ಆವೃತ್ತಿಯನ್ನು ಶಾಟ್‌ಗಳಿಗೆ ಜೋಡಿಸುವ ಮುನ್ನ ಗಮನಿಸಿ

ಬೆಂಗಳೂರಿನ ಚಿಕ್ಕ ಅನಿಮೇಷನ್ ಸ್ಟುಡಿಯೊಗಳಲ್ಲಿ ಪಾತ್ರದ ರಿಗ್ ಅನ್ನು ಹೊರಗಿನವರಿಂದ ಮಾಡಿಸಿಕೊಳ್ಳುವುದು ಈಗ ಸಾಮಾನ್ಯ. ನಾವೂ ಹಾಗೆಯೇ ಒಬ್ಬ ರಿಗ್ಗರ್‌ನಿಂದ ಮಾಯಾದಲ್ಲಿ ಕೈ ರಿಗ್ ಮಾಡಿಸಿದೆವು. ಬೆರಳಿಗೊಂದು ಸ್ಲೈಡರ್, ಅದರ ಮೌಲ್ಯ 0ಯಿಂದ 10; ಜೊತೆಗೆ ಮುಷ್ಟಿ, ಬೊಟ್ಟು ತೋರಿಸುವುದು, ಲೋಟ ಹಿಡಿಯುವುದು ಮುಂತಾದ ಪ್ರಿಸೆಟ್‌ಗಳು. ನಮ್ಮ ಕಥೆ ದರ್ಶಿನಿಯೊಂದರಲ್ಲಿ ನಡೆಯುವುದರಿಂದ ಬಹುತೇಕ ಶಾಟ್‌ಗಳಲ್ಲಿ ಪಾತ್ರಗಳ ಕೈಯಲ್ಲಿ ಸ್ಟೀಲ್ ಲೋಟ ಇರುತ್ತಿತ್ತು.

ಕೆಲಸ ಅರ್ಧ ದಾಟಿದಾಗ, ಮುಷ್ಟಿ ಕಟ್ಟಿದರೆ ಬೆರಳುಗಳು ಅಂಗೈಯೊಳಗೆ ತೂರುತ್ತಿವೆ ಎಂದು ದೂರಿದೆವು. ರಿಗ್ಗರ್ ಸರಿಪಡಿಸಿದ ಫೈಲನ್ನು ಹಳೆಯ ಹೆಸರಿನಲ್ಲೇ ಕಳುಹಿಸಿ, ಸ್ಲೈಡರ್‌ಗಳ ಹೆಸರಾಗಲಿ ಮಿತಿಯಾಗಲಿ ಬದಲಾಗಿಲ್ಲ, ಮುಗಿದ ಶಾಟ್‌ಗಳಿಗೆ ಏನೂ ಆಗುವುದಿಲ್ಲ ಎಂದು ಭರವಸೆ ಕೊಟ್ಟರು. ಮುಷ್ಟಿ ನಿಜಕ್ಕೂ ಸರಿಯಾಗಿತ್ತು. ಆದರೆ ಮುಗಿದ ಶಾಟ್‌ಗಳನ್ನು ತೆರೆದಾಗ ಲೋಟ ಹಿಡಿದಿದ್ದ ಪ್ರತಿಯೊಂದರಲ್ಲೂ ಬೆರಳ ತುದಿಗಳು ಲೋಟವನ್ನು ಬಿಟ್ಟು ಗಾಳಿಯಲ್ಲಿ ನಿಂತಿದ್ದವು.

ಕಾರಣ ಇಷ್ಟು. ಸ್ಲೈಡರ್ 10ರಲ್ಲಿ ತೋರುಬೆರಳಿನ ಬುಡದ ಗೆಣ್ಣು ಮೊದಲು 90 ಡಿಗ್ರಿ ಮಡಚುತ್ತಿತ್ತು. ಅಂಗೈಗೆ ತೂರದಿರಲೆಂದು ಅದನ್ನು 70ಕ್ಕೆ ಇಳಿಸಲಾಗಿತ್ತು. ಸ್ಲೈಡರಿನೊಂದಿಗೆ ಕೋನವು ಸಮಪ್ರಮಾಣದಲ್ಲಿ ಏರುವುದರಿಂದ ಕೊನೆಯ ಬಿಂದುವಿನ ಬದಲಾವಣೆ ನಡುವಿನ ಎಲ್ಲ ಮೌಲ್ಯಗಳಿಗೂ ಹರಡುತ್ತದೆ. ಲೋಟ ಹಿಡಿಯುವ ಪೋಸ್‌ನಲ್ಲಿ ಸ್ಲೈಡರ್ 4ರಲ್ಲಿತ್ತು: ಆಗ 36 ಡಿಗ್ರಿ, ಈಗ 28. ಗೆಣ್ಣಿನಿಂದ ತುದಿಯವರೆಗಿನ ನೇರ ದೂರ ಸುಮಾರು 7 ಸೆಂಟಿಮೀಟರ್ ಎಂದುಕೊಂಡರೆ, 8 ಡಿಗ್ರಿಯ ವ್ಯತ್ಯಾಸದಿಂದ ತುದಿ ಸುಮಾರು 1 ಸೆಂಟಿಮೀಟರ್ ಸರಿಯುತ್ತದೆ. ಲೋಟ ಕೈಬಿಟ್ಟಂತೆ ಕಾಣಲು ಅಷ್ಟು ಸಾಕು.

ಪ್ರಿಸೆಟ್‌ಗಳನ್ನು ಹೊಸದಾಗಿ ಉಳಿಸಿಕೊಳ್ಳಿ ಎಂಬ ಸಲಹೆ ಬಂತು. ಈ ಸಲಹೆಯನ್ನು ದಯವಿಟ್ಟು ನಂಬಬೇಡಿ. ನಮ್ಮದರಂಥ ಪ್ರಿಸೆಟ್, ಹಾಕಿದ ಕ್ಷಣದಲ್ಲಿ ಸ್ಲೈಡರಿನ ಅಂಕಿಗಳನ್ನು ನಕಲು ಮಾಡಿ ಕೊಡುತ್ತದೆ ಅಷ್ಟೆ; ಆಮೇಲೆ ಆ ಅಂಕಿಗಳಿಂದ ಟೈಮ್‌ಲೈನಿನಲ್ಲಿ ಇಟ್ಟ ಕೀಗಳಿಗೂ ಪ್ರಿಸೆಟ್ಟಿಗೂ ಯಾವ ಸಂಬಂಧವೂ ಉಳಿಯುವುದಿಲ್ಲ. ಹೀಗಾಗಿ ರಿಗ್ ಬದಲಾದರೆ ಅದನ್ನು ರೆಫರೆನ್ಸ್ ಮಾಡಿಕೊಂಡ ಶಾಟ್‌ಗಳೆಲ್ಲ ಕೆಡುತ್ತವೆ, ಪ್ರಿಸೆಟ್ ಸರಿಪಡಿಸಿದರೆ ಅವುಗಳಲ್ಲಿ ಒಂದೂ ಸರಿಯಾಗುವುದಿಲ್ಲ.

ಕೀಗಳ ಅಂಕಿಗಳನ್ನೇ ಹೆಚ್ಚಿಸಿದರೂ ಹಳೆಯ ಪೋಸ್ ಮರಳದು. ಬುಡದ ಗೆಣ್ಣಿಗೆ ಮತ್ತೆ 36 ಡಿಗ್ರಿ ಬರಬೇಕಾದರೆ ಸ್ಲೈಡರನ್ನು 5.14ಕ್ಕೆ ಏರಿಸಬೇಕು, ಆದರೆ ಬದಲಾಗದೆ ಉಳಿದ ನಡುಗೆಣ್ಣು, 10ರಲ್ಲಿ 100 ಡಿಗ್ರಿ ಮಡಚುವಂಥದ್ದು, ಆಗ 40ರ ಬದಲು 51 ಡಿಗ್ರಿಗೆ ಹೋಗುತ್ತದೆ. ಮೂರು ಗೆಣ್ಣುಗಳನ್ನು ಒಂದೇ ಸ್ಲೈಡರ್ ನಡೆಸುವಾಗ, ಅವುಗಳ ನಡುವಿನ ಪ್ರಮಾಣ ಒಮ್ಮೆ ಬದಲಾದರೆ ಹಳೆಯ ಆಕಾರವನ್ನು ಕೊಡುವ ಅಂಕಿಯೇ ಆ ಸ್ಲೈಡರಿನಲ್ಲಿ ಇರುವುದಿಲ್ಲ. ಗೆಣ್ಣಿನ ಪ್ರತ್ಯೇಕ ಕಂಟ್ರೋಲಿನಲ್ಲಿ 8 ಡಿಗ್ರಿ ಸೇರಿಸಿದರೆ ಲೋಟ ಹಿಡಿದ ಫ್ರೇಮು ಸರಿಹೋಗುತ್ತದೆ, ಆದರೆ ಕೈ ಬಿಚ್ಚಿದ ಫ್ರೇಮಿನಲ್ಲಿ ಬೆರಳು 8 ಡಿಗ್ರಿ ಬಾಗಿಯೇ ನಿಲ್ಲುತ್ತದೆ. ಅಲ್ಲಿ ಬೇಕಾದ ತಿದ್ದುಪಡಿ ಸೊನ್ನೆ, ಮುಷ್ಟಿಯಲ್ಲಿ 20.

ನಮ್ಮನ್ನು ಉಳಿಸಿದ್ದು ಬ್ಯಾಕಪ್‌ನಲ್ಲಿದ್ದ ಹಳೆಯ ಫೈಲು. ಮುಗಿದ ಶಾಟ್‌ಗಳಿಗೆ ಅದನ್ನೇ ಬೇರೆ ಹೆಸರಿನಲ್ಲಿ ರೆಫರೆನ್ಸ್ ಮಾಡಿಕೊಂಡು, ಹೊಸ ರಿಗ್ಗನ್ನು ಇನ್ನೂ ಆರಂಭಿಸದ ಶಾಟ್‌ಗಳಿಗೆ ಮಾತ್ರ ಬಳಸಿದೆವು.

ಹೊಸ ಆವೃತ್ತಿ ಕೈಗೆ ಬಂದಾಗ, ಹಳೆಯ ಮತ್ತು ಹೊಸ ಎರಡೂ ರಿಗ್ ಫೈಲುಗಳಲ್ಲಿ ಇದನ್ನು ಓಡಿಸಿ, ಅಂಕಿಗಳನ್ನು ಹೋಲಿಸಿ ನೋಡಿ. ಹೆಸರುಗಳನ್ನೂ ಅಕ್ಷವನ್ನೂ ನಿಮ್ಮ ರಿಗ್ಗಿಗೆ ತಕ್ಕಂತೆ ಬದಲಿಸಿಕೊಳ್ಳಿ.

```
import maya.cmds as cmds
for v in (0, 2, 4, 6, 8, 10):
    cmds.setAttr("L_hand_ctrl.indexCurl", v)
    print(v, cmds.getAttr("L_index_01_jnt.rotateZ"))
```

ಮೂರೂ ಗೆಣ್ಣುಗಳಿಗೆ, ಎಲ್ಲ ಬೆರಳುಗಳಿಗೆ ಇದನ್ನು ಮಾಡಬೇಕು. ಹೆಬ್ಬೆರಳಿಗೆ ಮೂರು ಅಕ್ಷಗಳನ್ನೂ ನೋಡಿ, ಏಕೆಂದರೆ ಅದು ಮಡಚುವಾಗ ಅಂಗೈಯ ಕಡೆಗೆ ಹೊರಳುವುದೂ ಉಂಟು. 10ರ ಸಾಲನ್ನು ಮಾತ್ರ ನೋಡಿ ಒಪ್ಪಿಕೊಳ್ಳಬೇಡಿ. ನಮ್ಮ ಶಾಟ್‌ಗಳು ಕೆಟ್ಟದ್ದು 4ರ ಸಾಲಿನಲ್ಲಿ. ಅಂಕಿಗಳು ಒಂದಕ್ಕೊಂದು ಹೊಂದದಿದ್ದರೆ ಫೈಲನ್ನು ಹಿಂದಿರುಗಿಸಿ, ಹಳೆಯ ಸ್ಲೈಡರನ್ನು ಹಾಗೆಯೇ ಬಿಟ್ಟು ಮುಷ್ಟಿಯ ತಿದ್ದುಪಡಿಗೆ 0ಯಲ್ಲಿ ನಿಲ್ಲುವ ಹೊಸ ಸ್ಲೈಡರೊಂದನ್ನು ಸೇರಿಸಿಕೊಡುವಂತೆ ಕೇಳಿ. ಹಾಗೆ ಮಾಡಿದರೆ ಹಳೆಯ ಶಾಟ್‌ಗಳಲ್ಲಿ ಹೊಸ ಸ್ಲೈಡರಿಗೆ ಕೀ ಇರುವುದಿಲ್ಲವಾದ್ದರಿಂದ ಬೆರಳುಗಳು ಇದ್ದಲ್ಲೇ ಇರುತ್ತವೆ.