ಲಿಂಕೋ, ಪರಿಚಯದ ಶಾಲೆಯೋ, ಚೀಟಿಯೋ: ಹದಿಹರೆಯದವರ ಅಧ್ಯಯನಕ್ಕೆ ಮಾದರಿ ಆರಿಸುವ ಮೂರು ದಾರಿಗಳು

ಸಾಮಾಜಿಕ ಜಾಲತಾಣದ ಬಳಕೆಗೂ ಆತ್ಮಗೌರವಕ್ಕೂ ಇರುವ ಸಂಬಂಧದ ಮೇಲೆ ಪ್ರಬಂಧ ಬರೆಯುವವರು ಸಂಶೋಧನಾ ವಿಧಾನದ ಅಧ್ಯಾಯದಲ್ಲಿ ಪ್ರಶ್ನಾವಳಿಯನ್ನು ಪುಟಗಟ್ಟಲೆ ವಿವರಿಸುತ್ತಾರೆ, ಮಾದರಿಯನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆ ಏಳುವುದು ಆ ಎರಡು ಸಾಲಿನ ಮೇಲೆಯೇ. ತುಮಕೂರು ತಾಲ್ಲೂಕಿನ ಒಂಬತ್ತನೇ ತರಗತಿಯ ಮಕ್ಕಳ ಅಧ್ಯಯನಕ್ಕಾಗಿ ನಾನು ಮಾದರಿ ಆಯ್ಕೆಯ ಮೂರು ದಾರಿಗಳನ್ನು ಪೂರ್ವ ಪರೀಕ್ಷೆಯಲ್ಲಿ ನಡೆದು ನೋಡಿದ್ದೇನೆ. ಮೂರರಲ್ಲೂ ಅಳತೆಗೋಲು ಒಂದೇ: ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಪ್ರಕಟಿಸಿದ ಹತ್ತು ಹೇಳಿಕೆಗಳ ಆತ್ಮಗೌರವ ಮಾಪನ, ಜೊತೆಗೆ ಬಳಕೆಯ ಬಗ್ಗೆ ಒಂದು ಪುಟದ ಪ್ರಶ್ನೆಗಳು.

ಮೊದಲನೆಯದು ಆನ್‌ಲೈನ್ ನಮೂನೆಯ ಲಿಂಕ್. ಶಿಕ್ಷಕರ, ಪೋಷಕರ ವಾಟ್ಸ್‌ಆಪ್ ಗುಂಪುಗಳಿಗೆ ಕಳುಹಿಸಿದರೆ ಉತ್ತರಗಳು ತಾವಾಗಿಯೇ ಬಂದು ಬೀಳುತ್ತವೆ. ಖರ್ಚಿಲ್ಲ, ಓಡಾಟವಿಲ್ಲ. ಆದರೆ ಬಳಕೆಯ ಗಂಟೆಗಳನ್ನು ಸ್ತಂಭನಕ್ಷೆಯಾಗಿ ಬರೆದಾಗ ಎಡತುದಿ ಬರಿದಾಗಿತ್ತು. ಜಾಲತಾಣವನ್ನೇ ಬಳಸದ ಅಥವಾ ವಾರಕ್ಕೊಮ್ಮೆ ಅಮ್ಮನ ಫೋನಿನಲ್ಲಿ ಇಣುಕುವ ಮಕ್ಕಳು ಅಲ್ಲಿ ಇರಲೇ ಇಲ್ಲ. ಇದು ಪ್ರಾತಿನಿಧ್ಯದ ಕೊರತೆಯಷ್ಟೇ ಅಲ್ಲ. ಬಳಕೆಯ ವ್ಯಾಪ್ತಿಯ ಒಂದು ತುದಿ ಕತ್ತರಿಸಿಹೋದರೆ ಸಹಸಂಬಂಧದ ಗುಣಾಂಕವೇ ಸಾಮಾನ್ಯವಾಗಿ ಕುಗ್ಗುತ್ತದೆ. 'ಸಂಬಂಧ ಕಂಡುಬರಲಿಲ್ಲ' ಎಂಬ ಫಲಿತಾಂಶ ಮಕ್ಕಳಿಂದ ಬಂತೋ ಲಿಂಕಿನಿಂದ ಬಂತೋ ಹೇಳಲಾಗದು. ಲಿಂಕ್ ಎಷ್ಟು ಮಂದಿಗೆ ತಲುಪಿತು ಎಂಬುದೂ ತಿಳಿಯದು, ಹಾಗಾಗಿ ಪ್ರತಿಕ್ರಿಯೆಯ ಪ್ರಮಾಣ ಲೆಕ್ಕಹಾಕಲು ಛೇದವೇ ಇಲ್ಲ. ಪ್ರಶ್ನೆಗಳ ಭಾಷೆ ಮಕ್ಕಳಿಗೆ ಅರ್ಥವಾಗುತ್ತದೆಯೇ ಎಂದು ನೋಡಲು ಈ ದಾರಿ ಸಾಕು, ಅದಕ್ಕಿಂತ ಮುಂದೆ ಬೇಡ.

ಎರಡನೆಯದು ಪರಿಚಯದ ಮುಖ್ಯೋಪಾಧ್ಯಾಯರು ಇರುವ ಶಾಲೆಗೆ ಹೋಗಿ ಇಡೀ ತರಗತಿಯನ್ನು ಕೂರಿಸುವುದು. ಫೋನಿಲ್ಲದ ಮಗುವೂ ಇಲ್ಲಿ ಸಿಗುತ್ತದೆ, ಕಾಗದದ ಮೇಲೆ ಉತ್ತರಿಸುವುದರಿಂದ ಖಾಲಿ ಬಿಟ್ಟ ಪ್ರಶ್ನೆಗಳೂ ಕಾಣುತ್ತವೆ. ತೊಡಕು ಬೇರೆ ಕಡೆ ಇದೆ. ಒಂದೇ ಕೊಠಡಿಯ ಮಕ್ಕಳು ಒಂದೇ ಶಿಕ್ಷಕರ ಮಾತು ಕೇಳಿದವರು, ಹೆಚ್ಚುಕಡಿಮೆ ಒಂದೇ ಬಗೆಯ ಮನೆಗಳಿಂದ ಬಂದವರು, ಪರಸ್ಪರರ ಪೋಸ್ಟ್‌ಗಳಿಗೆ ಲೈಕ್ ಒತ್ತುವವರು. ಅವರ ಉತ್ತರಗಳು ಒಂದಕ್ಕೊಂದು ಹೋಲುತ್ತವೆ. ಅರುವತ್ತು ಮಕ್ಕಳನ್ನು ಕೇಳಿದರೂ ಅರುವತ್ತು ಸ್ವತಂತ್ರ ಉತ್ತರಗಳು ಸಿಕ್ಕಂತಾಗುವುದಿಲ್ಲ. ಇನ್ನೊಂದು ಮಾತು: ತರಗತಿ ಶಿಕ್ಷಕರು ಬೆಂಚುಗಳ ನಡುವೆ ಓಡಾಡುತ್ತಿದ್ದರೆ ಆತ್ಮಗೌರವದ ಅಂಕಗಳು ಮೇಲಕ್ಕೇರುತ್ತವೆ. 'ನಾನು ಯಾವುದಕ್ಕೂ ಪ್ರಯೋಜನವಿಲ್ಲ' ಎಂಬ ಹೇಳಿಕೆಗೆ 'ಹೌದು' ಎಂದು ಗುರುತು ಹಾಕುವುದನ್ನು ಮೇಷ್ಟ್ರು ನೋಡಲಿ ಎಂದು ಯಾವ ಮಗು ಬಯಸೀತು?

ಮೂರನೆಯದು ಎರಡು ಹಂತದ ಸ್ತರೀಕೃತ ಯಾದೃಚ್ಛಿಕ ಆಯ್ಕೆ, ನಮ್ಮ ಮಾತಿನಲ್ಲಿ ಪಟ್ಟಿ ಹಿಡಿದು ಚೀಟಿ ಎತ್ತುವುದು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಿಂದ ಪ್ರೌಢಶಾಲೆಗಳ ಪಟ್ಟಿಯನ್ನು ಮಕ್ಕಳ ಸಂಖ್ಯೆಯ ಸಮೇತ ಪಡೆಯಬೇಕು. ಸರ್ಕಾರಿ, ಅನುದಾನಿತ, ಅನುದಾನರಹಿತ ಎಂದು ಮೂರು ಸ್ತರ ಮಾಡಿ, ಪ್ರತಿಯೊಂದನ್ನೂ ನಗರ ಮತ್ತು ಗ್ರಾಮೀಣ ಎಂದು ಒಡೆಯಬೇಕು. ಹೆಚ್ಚು ಮಕ್ಕಳಿರುವ ಶಾಲೆಗೆ ಆಯ್ಕೆಯಾಗುವ ಅವಕಾಶವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚಿರುವಂತೆ ಶಾಲೆಗಳನ್ನು ಆರಿಸಿ, ಒಂದೊಂದು ಶಾಲೆಯಲ್ಲೂ ಒಂಬತ್ತನೇ ತರಗತಿಯ ಎಲ್ಲ ವಿಭಾಗಗಳ ಹಾಜರಿ ಪುಸ್ತಕಗಳಿಂದ ಸಮಾನ ಸಂಖ್ಯೆಯ ಮಕ್ಕಳನ್ನು ಚೀಟಿ ಎತ್ತಿ ಆರಿಸಬೇಕು. ಸ್ತರಗಳಿಗೆ ಮಕ್ಕಳ ಪ್ರಮಾಣಕ್ಕೆ ತಕ್ಕಂತೆ ಶಾಲೆಗಳನ್ನು ಹಂಚಿದ್ದರೆ, ಹೀಗೆ ಮಾಡಿದಾಗ ದೊಡ್ಡ ಶಾಲೆಯ ಮಗುವಿಗೂ ಸಣ್ಣ ಶಾಲೆಯ ಮಗುವಿಗೂ ಹೆಚ್ಚುಕಡಿಮೆ ಸಮಾನ ಅವಕಾಶ ಸಿಗುತ್ತದೆ.

ಎಷ್ಟು ಮಕ್ಕಳು ಬೇಕು? ನಮ್ಮಲ್ಲಿ ಹಲವರು ಕಣ್ಣುಮುಚ್ಚಿ 384 ಎಂದು ಬರೆಯುತ್ತಾರೆ. ಅದು ಶೇಕಡಾವಾರು ಅಂದಾಜಿಗೆ, ಶೇ 5ರ ತಪ್ಪಿನ ಅಂಚಿಗೆ, ಅದೂ ಸರಳ ಯಾದೃಚ್ಛಿಕ ಮಾದರಿಗೆ ಹೊಂದುವ ಸಂಖ್ಯೆ. ನಮ್ಮ ಪ್ರಶ್ನೆ ಸಹಸಂಬಂಧದ್ದು. 0.15ರಷ್ಟು ದುರ್ಬಲ ಸಂಬಂಧವನ್ನು ಶೇ 5ರ ಮಹತ್ವ ಮಟ್ಟದಲ್ಲಿ, ಶೇ 80ರ ಸಾಮರ್ಥ್ಯದೊಂದಿಗೆ ಹಿಡಿಯಲು ಸುಮಾರು 347 ಮಕ್ಕಳು ಬೇಕು. ಇದನ್ನು ಶಾಲೆಯೊಳಗಿನ ಹೋಲಿಕೆಗೆ ತಕ್ಕಂತೆ ಹಿಗ್ಗಿಸಬೇಕು. ಹಿಗ್ಗಿಸುವ ಸೂತ್ರ ಇದು:

1 + (m − 1) × ρ

ಇಲ್ಲಿ m ಎಂದರೆ ಒಂದು ಶಾಲೆಯಿಂದ ತೆಗೆದುಕೊಳ್ಳುವ ಮಕ್ಕಳು, ρ ಎಂದರೆ ಒಂದೇ ಶಾಲೆಯ ಮಕ್ಕಳ ಉತ್ತರಗಳಲ್ಲಿನ ಸಾಮ್ಯದ ಪ್ರಮಾಣ. ಈ ಸಾಮ್ಯವನ್ನು 0.05 ಎಂದು ಇಟ್ಟುಕೊಳ್ಳೋಣ. ಶಾಲೆಗೆ 15 ಮಕ್ಕಳಾದರೆ ಗುಣಕ 1.7, ಬೇಕಾದವರು 590. ಹತ್ತರಲ್ಲಿ ಒಬ್ಬರು ಕೈತಪ್ಪುತ್ತಾರೆಂದು ಸೇರಿಸಿದರೆ 44 ಶಾಲೆ, 660 ಮಕ್ಕಳು. ಶಾಲೆಗೆ 30 ಮಕ್ಕಳಾದರೆ ಗುಣಕ 2.45ಕ್ಕೆ ಏರಿ 32 ಶಾಲೆ, 960 ಮಕ್ಕಳು ಬೇಕಾಗುತ್ತಾರೆ. ಹನ್ನೆರಡು ಶಾಲೆಗಳ ಓಡಾಟ ಉಳಿಸಲು ಮುನ್ನೂರು ಹೆಚ್ಚುವರಿ ಉತ್ತರಪತ್ರಿಕೆಗಳನ್ನು ಗಣಕಕ್ಕೆ ತುಂಬಬೇಕು. ನನ್ನ ಮತ ಹದಿನೈದಕ್ಕೆ. ಹದಿನೈದು ಮಕ್ಕಳನ್ನು ಗ್ರಂಥಾಲಯದ ಕೋಣೆಗೆ ಕರೆದೊಯ್ಯಬಹುದು, ಮೇಷ್ಟ್ರ ಓಡಾಟದ ಸಮಸ್ಯೆಯೂ ಅಲ್ಲಿಗೆ ಕಳೆಯುತ್ತದೆ.

ಈ ದಾರಿ ಕೆಡುವುದು ಶಾಲೆಯೊಂದು 'ಆಗುವುದಿಲ್ಲ' ಎಂದಾಗ. ಆ ಕ್ಷಣ ಸ್ನೇಹಿತರ ಶಾಲೆಯನ್ನು ಸೇರಿಸುವ ಆಸೆಯಾಗುತ್ತದೆ, ಸೇರಿಸಿದರೆ ಎರಡನೆಯ ದಾರಿಗೇ ಮರಳಿದಂತೆ. ಮೊದಲೇ ಅದೇ ಸ್ತರದಿಂದ ಮೀಸಲು ಶಾಲೆಗಳನ್ನು ಎತ್ತಿಟ್ಟು, ಯಾವ ಸ್ತರದಲ್ಲಿ ಎಷ್ಟು ನಿರಾಕರಣೆ ಎಂದು ಬರೆದಿಡಬೇಕು. ಪೋಷಕರ ಒಪ್ಪಿಗೆ ಪತ್ರದ ವಿಷಯವೂ ಹೀಗೆಯೇ. ಹದಿನೆಂಟು ತುಂಬದವರಾದ್ದರಿಂದ ಪೋಷಕರ ಒಪ್ಪಿಗೆ ಮತ್ತು ಮಗುವಿನ ಸಮ್ಮತಿ ಎರಡೂ ಬೇಕು. ಪತ್ರ ಮರಳಿ ತಾರದ ಮಕ್ಕಳು ತಂದವರಿಗಿಂತ ಭಿನ್ನರಿರಬಹುದು, ಆದ್ದರಿಂದ ಅವರ ಸಂಖ್ಯೆಯನ್ನು ಗಂಡು, ಹೆಣ್ಣು ಎಂದು ಬಿಡಿಸಿ ತೋರಿಸಬೇಕು.

ಇನ್ನು ಸಮೀಕ್ಷೆಯ ನಂತರ ಅದೇ ಮಕ್ಕಳಲ್ಲಿ ಕೆಲವರೊಂದಿಗೆ ನಡೆಸುವ ಸಂದರ್ಶನದ ಭಾಗ. ಇಲ್ಲಿ ನಾನು ಹೋಲಿಸಿದ್ದು ಎರಡನ್ನು. 'ಯಾರು ಮಾತನಾಡುತ್ತೀರಿ' ಎಂದು ಕೇಳಿದರೆ ಕೈ ಎತ್ತುವವರು ಮಾತುಗಾರರು, ರೀಲ್ಸ್ ಬಗ್ಗೆ ಉತ್ಸಾಹ ಇರುವವರು. ಅವರ ಕಥೆಗಳು ಚೆನ್ನಾಗಿರುತ್ತವೆ, ಆದರೆ ಸಮೀಕ್ಷೆಯ ಅಂಕಿಗಳನ್ನು ವಿವರಿಸುವುದಿಲ್ಲ. ಸಮೀಕ್ಷೆಯ ಫಲಿತಾಂಶದಿಂದಲೇ ನಾಲ್ಕು ಗುಂಪು ಮಾಡಿ ಆರಿಸಿದಾಗ ಮಿಶ್ರ ವಿಧಾನ ನಿಜವಾಗಿ ಮಿಶ್ರವಾಗುತ್ತದೆ. ಹೆಚ್ಚು ಬಳಕೆ ಮತ್ತು ಕಡಿಮೆ ಆತ್ಮಗೌರವದ ಗುಂಪು ಎಲ್ಲರೂ ನಿರೀಕ್ಷಿಸುವಂಥದ್ದು. ಹೆಚ್ಚು ಬಳಸಿಯೂ ಆತ್ಮಗೌರವ ಚೆನ್ನಾಗಿರುವವರು, ಬಳಸದೆಯೂ ಕುಗ್ಗಿರುವವರು ಮಾತಿಗೆ ಕುಳಿತಾಗಲೇ ಹೊಸದೇನಾದರೂ ಹೊರಬರುತ್ತದೆ. ಗುಂಪಿಗೆ ನಾಲ್ಕೈದು ಮಂದಿಯಿಂದ ಆರಂಭಿಸಿ, ಹೊಸ ವಿಷಯ ಬರುವುದು ನಿಂತಾಗ ನಿಲ್ಲಿಸುತ್ತೇನೆ ಎಂದು ಅಧ್ಯಾಯದಲ್ಲಿ ಬರೆದರೆ ಸಾಕು.

ಇದಕ್ಕೆ ಬೆಲೆ ಇದೆ. ಅನಾಮಧೇಯ ಸಮೀಕ್ಷೆಯಲ್ಲಿ ಮಗುವನ್ನು ಮತ್ತೆ ಹುಡುಕಲಾಗದು. ಆದ್ದರಿಂದ ಉತ್ತರಪತ್ರಿಕೆಯ ಮೇಲೆ ಸಂಕೇತ ಸಂಖ್ಯೆ, ಹೆಸರಿನ ಪಟ್ಟಿ ಬೇರೆಡೆ ಬೀಗದಲ್ಲಿ. ಕಡಿಮೆ ಅಂಕದ ಮಕ್ಕಳನ್ನಷ್ಟೇ ತರಗತಿಯಿಂದ ಕರೆದರೆ ಸಂಜೆಯೊಳಗೆ ಅವರಿಗೊಂದು ಹಣೆಪಟ್ಟಿ ಅಂಟಿರುತ್ತದೆ. ಮಧ್ಯದ ಅಂಕದವರನ್ನೂ ಒಂದಿಬ್ಬರನ್ನು ಬೆರೆಸಿ ಕರೆಯಬೇಕು, ಆಯ್ಕೆಯ ಆಧಾರವನ್ನು ಶಿಕ್ಷಕರಿಗೆ ಹೇಳಬಾರದು.

ಸಮರ್ಥನೆಯ ಪ್ಯಾರಾವನ್ನು ನಾನು ಹೀಗೆ ಬರೆಯುತ್ತೇನೆ: 'ಜಾಲತಾಣ ಬಳಸದ ಮಕ್ಕಳೂ ಹೋಲಿಕೆಗೆ ಬೇಕಾದ್ದರಿಂದ ಆನ್‌ಲೈನ್ ಆಯ್ಕೆಯನ್ನು ಕೈಬಿಡಲಾಯಿತು. ಶಾಲೆಯ ಬಗೆ ಮತ್ತು ನೆಲೆ ಬಳಕೆಯ ಮೇಲೆ ಪ್ರಭಾವ ಬೀರಬಹುದಾದ್ದರಿಂದ ಅವುಗಳನ್ನು ಸ್ತರಗಳಾಗಿ ಇಟ್ಟುಕೊಳ್ಳಲಾಯಿತು. ಫಲಿತಾಂಶಗಳು ತಾಲ್ಲೂಕಿನ ಶಾಲೆಗಳಲ್ಲಿ ದಾಖಲಾಗಿರುವ ಒಂಬತ್ತನೇ ತರಗತಿಯ ಮಕ್ಕಳಿಗೆ ಅನ್ವಯಿಸುತ್ತವೆ, ಶಾಲೆ ಬಿಟ್ಟ ಮಕ್ಕಳಿಗೆ ಅಲ್ಲ.' ಒಬ್ಬರೇ ಓಡಾಡುವ ಎಂ.ಇಡಿ. ವಿದ್ಯಾರ್ಥಿಗೆ 44 ಶಾಲೆ ಅಸಾಧ್ಯವೆನಿಸಿದರೆ ಒಂದೇ ಸ್ತರವನ್ನು, ಉದಾಹರಣೆಗೆ ಗ್ರಾಮೀಣ ಸರ್ಕಾರಿ ಶಾಲೆಗಳನ್ನು ಮಾತ್ರ ತೆಗೆದುಕೊಂಡು, ಕಂಡುಹಿಡಿಯಬೇಕಾದ ಸಂಬಂಧದ ಮಟ್ಟವನ್ನು 0.2ಕ್ಕೆ ಏರಿಸಿ ಲೆಕ್ಕ ಹಾಕಲಿ. ಮೂಲ ಸಂಖ್ಯೆ ಇನ್ನೂರರ ಕೆಳಗೆ ಇಳಿಯುತ್ತದೆ. ಶೀರ್ಷಿಕೆಯಲ್ಲಿ ಮಾತ್ರ 'ಹದಿಹರೆಯದವರು' ಎಂದು ಬರೆಯದಿರಲಿ.