ಮಕ್ಕಳ ಪಾಠ, ದೊಡ್ಡವರ ಪಾಠ: ಒಂದೇ ಕೋಣೆಯಲ್ಲಿ ಎರಡನ್ನೂ ಮಾಡಿ ನೋಡಿದೆ

ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಭಾನುವಾರ ಬೆಳಿಗ್ಗೆ ಕನ್ನಡ ಹೇಳಿಕೊಡುತ್ತೇನೆ. 5 ಮಕ್ಕಳು, 6 ಜನ ದೊಡ್ಡವರು. 8 ವರ್ಷದ ಹುಡುಗಿಯೂ ಇದ್ದಾಳೆ, 61ರ ಬಂಗಾಳಿ ಅಜ್ಜಿಯೂ ಇದ್ದಾರೆ. ಎರಡು ಬ್ಯಾಚ್ ಮಾಡೋಣ ಅಂದರೆ ಕ್ಲಬ್‌ಹೌಸ್ ಸಿಗುವುದೇ ಒಂದೂವರೆ ಗಂಟೆ. ಅದಕ್ಕೇ ಒಂದು ತಿಂಗಳು ಮಕ್ಕಳ ಕ್ರಮದಲ್ಲಿ, ಮುಂದಿನ ತಿಂಗಳು ದೊಡ್ಡವರ ಕ್ರಮದಲ್ಲಿ ಪಾಠ ಮಾಡಿ ನೋಡಿದೆ.

ಮೊದಲ ತಿಂಗಳು ಅ ಆ ಇ ಈ. ಬೋರ್ಡಿನ ಮೇಲೆ ಬರೆಯುವುದು, ಎಲ್ಲರೂ ಒಟ್ಟಿಗೆ ಹೇಳುವುದು, ಮನೆಗೆ ಎರಡು ಪುಟ ಕಾಪಿ. ಮಕ್ಕಳು ಗಂಟಲು ಹರಿಯುವಂತೆ ಕೂಗಿದರು. ದೊಡ್ಡವರು ತುಟಿಯಷ್ಟೇ ಆಡಿಸಿದರು. ಮೂರನೇ ವಾರ ಅಜ್ಜಿ ಕೇಳಿಯೇಬಿಟ್ಟರು, 'ಇದೆಲ್ಲ ಕಲಿತರೆ ತರಕಾರಿಯವರ ಹತ್ತಿರ ಮಾತಾಡಬಹುದಾ?' ಮಾತಿಗೆ ಅಕ್ಷರ ಬೇಡವೇ ಬೇಡ, ನಿಜ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಕ್ಕಳಿಗೆ ಕಲಿಸುವ ಕ್ರಮವನ್ನು ಪೆಡಗಾಜಿ ಅನ್ನುತ್ತಾರೆ, ದೊಡ್ಡವರಿಗೆ ಕಲಿಸುವ ಕ್ರಮಕ್ಕೆ ಆಂಡ್ರಗಾಜಿ ಎಂಬ ಹೆಸರಿದೆ. ಆಂಡ್ರಗಾಜಿಯನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಶಿಕ್ಷಣತಜ್ಞ ಮಾಲ್ಕಮ್ ನೋಲ್ಸ್. ಅವರು ಹೇಳಿದ್ದರಲ್ಲಿ ನನಗೆ ಕೆಲಸಕ್ಕೆ ಬಂದದ್ದು ಮೂರು ಮಾತು: ಏಕೆ ಕಲಿಯಬೇಕು ಎಂದು ದೊಡ್ಡವರಿಗೆ ಮೊದಲೇ ಗೊತ್ತಾಗಬೇಕು, ತಮ್ಮ ಕಲಿಕೆಯ ದಾರಿಯಲ್ಲಿ ಅವರ ಮಾತೂ ನಡೆಯಬೇಕು, ಅವರ ಹಳೆಯ ಅನುಭವವನ್ನೇ ಪಾಠಕ್ಕೆ ಬಳಸಬೇಕು.

ಸರಿ, ಎರಡನೇ ತಿಂಗಳು 'ನಿಮಗೆ ಏನು ಬೇಕು?' ಎಂದು ಚೀಟಿ ಬರೆಸಿದೆ. 'ಆಟೋ', 'ಬಸ್ ಬೋರ್ಡ್', 'ಮನೆಕೆಲಸದವರ ಜೊತೆ ಮಾತು' ಎಂದು ಬರೆದರು. ತರಗತಿಗೆ ಜೀವ ಬಂತು. ಆದರೆ ಯಾವುದರಿಂದ ಶುರು ಮಾಡೋಣ ಎಂದಾಗ ಎಲ್ಲರೂ ನನ್ನ ಮುಖ ನೋಡಿದರು. 'ನೀವೇ ಹೇಳಿ ಮೇಡಂ, ನಮಗೇನು ಗೊತ್ತು?' ಅತ್ತ ಮಕ್ಕಳಿಗೆ ಆಟೋ ಬಾಡಿಗೆಯ ಮಾತು ಕಟ್ಟಿಕೊಂಡು ಏನಾಗಬೇಕು? ಒಬ್ಬ ಮೇಜಿನ ಕೆಳಗೆ ಸೇರಿಕೊಂಡ.

ಎರಡೂ ಅರ್ಧರ್ಧ ಸೋತವು ಅಲ್ವಾ? ನೋಲ್ಸ್‌ಗೂ ಇಂಥದ್ದೇ ಆಗಿತ್ತು. ಅವರ 1970ರ ಪುಸ್ತಕದ ಉಪಶೀರ್ಷಿಕೆಯಲ್ಲಿ ಆಂಡ್ರಗಾಜಿ 'ವರ್ಸಸ್' ಪೆಡಗಾಜಿ ಎಂದಿತ್ತು. 1980ರಲ್ಲಿ ಅದನ್ನು 'ಪೆಡಗಾಜಿಯಿಂದ ಆಂಡ್ರಗಾಜಿಗೆ' ಎಂದು ಬದಲಿಸಿದರು. ವಿಷಯ ಪೂರ್ತಿ ಹೊಸದಾದರೆ ದೊಡ್ಡವರಿಗೂ ಮೇಷ್ಟ್ರು ಕೈಹಿಡಿದು ನಡೆಸಬೇಕು, ಮಕ್ಕಳಿಗೂ ಕೆಲವು ಕಡೆ ಸ್ವಾತಂತ್ರ್ಯ ಹೊಂದುತ್ತದೆ ಎಂದು ಒಪ್ಪಿಕೊಂಡರು.

ನನ್ನ ತರಗತಿಯಲ್ಲಿ ಅಕ್ಷರದ ಮಟ್ಟಿಗೆ ದೊಡ್ಡವರೇ ಮಕ್ಕಳು. ಮಕ್ಕಳಿಗೆ ಶಾಲೆಯಲ್ಲಿ ಕನ್ನಡ ಇದೆ. ಓದುತ್ತಾರೆ, ಮಾತು ಬಾರದು. ಹಾಗಾಗಿ ಈಗ ವಯಸ್ಸು ನೋಡುವುದಿಲ್ಲ. ಆ ದಿನದ ವಿಷಯ ಯಾರಿಗೆ ಹೊಸದು ಎಂದು ನೋಡಿ ಜೋಡಿ ಮಾಡುತ್ತೇನೆ.

ಒಂದು ಭಾನುವಾರ 'ಹೆಬ್ಬಾಳ' ಎಂಬ ಬಸ್ ಬೋರ್ಡ್ ಒಂದನ್ನೇ ಹಿಡಿದು ಕೂತೆವು. ದೊಡ್ಡವರ ಬೇಡಿಕೆ, ಮಕ್ಕಳ ಅಕ್ಷರಜ್ಞಾನ. ಆ ಪುಟ್ಟ ಪದದಲ್ಲಿ ಹ್ರಸ್ವ ಎಕಾರ ಇದೆ, ಬ ಒತ್ತು ಇದೆ, ಳ ಇದೆ. ಹಿಂದಿಯವರು 'ಹೇಬಾಲ್' ಅಂದರು, ಯಾಕಂದರೆ ಹಿಂದಿಯಲ್ಲಿ ಹ್ರಸ್ವ ಎಕಾರವೂ ಇಲ್ಲ, ಳ ಅಕ್ಷರವೂ ಇಲ್ಲ. ಮಕ್ಕಳು ಒತ್ತು ತೋರಿಸಿದರು. ಆಮೇಲೆ ನಾನು ಮಕ್ಕಳ ಕ್ರಮಕ್ಕೇ ಹೋದೆ. ಹಲ–ಹಳ, ಬಲೆ–ಬಳೆ ಎಂದು ಎಲ್ಲರಿಂದಲೂ ಹತ್ತು ಸಲ ಹೇಳಿಸಿದೆ. ಏಕೆ ಎಂದು ತಿಳಿದ ಮೇಲೆ ದೊಡ್ಡವರೂ ಗಟ್ಟಿಯಾಗಿಯೇ ಕೂಗಿದರು.

ಹಳೆಯ ಅನುಭವ ಕೈಹಿಡಿಯುತ್ತದೆ, ಕಾಲೂ ಎಳೆಯುತ್ತದೆ. 'ನನಗೆ ಬೇಕು' ಎಂಬುದು ಹಿಂದಿಯವರಿಗೆ ಒಂದೇ ಸಲಕ್ಕೆ ಬಂತು, ಅವರಲ್ಲೂ 'ಮುಝೆ ಚಾಹಿಯೆ' ಇದೆ. ಆದರೆ ಹಿಂದಿಯಲ್ಲಿ ಬಸ್ಸು ಸ್ತ್ರೀಲಿಂಗ. ಒಬ್ಬ ಅಪ್ಪ ಸರಾಗವಾಗಿ 'ಬಸ್ ಬಂದಳು' ಅಂದರು. ಪಕ್ಕದಲ್ಲಿದ್ದ ಅವರ ಮಗನೇ 'ಬಂತು, ಪಪ್ಪಾ!' ಎಂದು ಬಿದ್ದುಬಿದ್ದು ನಕ್ಕ. ಎಲ್ಲರೂ ನಕ್ಕರು, ನಾನೂ ನಕ್ಕೆ. ಎರಡು ವಾರ ಅವರು ಬರಲಿಲ್ಲ. ತಪ್ಪು ನನ್ನದು. ಮಗು ತಪ್ಪು ಮಾಡಿ ಐದು ನಿಮಿಷಕ್ಕೆ ಮರೆಯುತ್ತದೆ, ಮನೆಯ ಯಜಮಾನ ಮರೆಯುತ್ತಾನೆಯೇ?

ಆಗಿನಿಂದ ಅಪ್ಪ-ಮಕ್ಕಳನ್ನು ಒಂದೇ ಜೋಡಿಗೆ ಹಾಕುವುದಿಲ್ಲ. ಮಕ್ಕಳ ತಪ್ಪನ್ನು ಅಲ್ಲೇ ತಿದ್ದುತ್ತೇನೆ. ದೊಡ್ಡವರದನ್ನು ಚೀಟಿಯಲ್ಲಿ ಬರೆದಿಟ್ಟು, ಕೊನೆಗೆ ಯಾರದೆಂದು ಹೇಳದೆ ಎಲ್ಲರ ಮುಂದೆ ಬಿಡಿಸುತ್ತೇನೆ. ಹೋಮ್‌ವರ್ಕೂ ಬೇರೆ. ಮಕ್ಕಳಿಗೆ ಕಾಪಿ ಇದೆ. ದೊಡ್ಡವರು ಕಾಪಿ ಬರೆದು ತಂದದ್ದು ನಾನಂತೂ ಕಂಡಿಲ್ಲ. ಅವರು ವಾರದಲ್ಲಿ ಒಮ್ಮೆ ಅಂಗಡಿಯಲ್ಲೋ ಆಟೋದಲ್ಲೋ ಕನ್ನಡ ಆಡಿ, ಎಲ್ಲಿ ತಡವರಿಸಿದೆ ಎಂದು ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸಬೇಕು. ಹೋದ ವಾರ ಆರರಲ್ಲಿ ನಾಲ್ಕು ಬಂದವು. ಅಜ್ಜಿಯದು ಮೂರು ನಿಮಿಷ, ಅದರಲ್ಲಿ ಎರಡು ನಿಮಿಷ ಸೊಪ್ಪಿನ ರೇಟಿನ ಬಗ್ಗೆ.