ಗಿಫ್ಟ್ ಬಾಕ್ಸ್ ರೆಂಡರ್: ಫೋಟೋಶಾಪ್ ಮಾಕಪ್ಪೋ, ಬ್ಲೆಂಡರೋ?

ಎರಡರಲ್ಲೂ ಮಾಡಿ ನೋಡಿದ್ದು ಒಂದೇ ಪೆಟ್ಟಿಗೆ: 300 × 200 × 100 ಮಿಲಿಮೀಟರ್, ದಪ್ಪ ರಟ್ಟಿನ ಮೇಲೆ ಕಂದು ಕ್ರಾಫ್ಟ್ ಕಾಗದ ಸುತ್ತಿದ್ದು, ಎತ್ತಿ ತೆಗೆಯುವ ಮುಚ್ಚಳ, 25 ಮಿಲಿಮೀಟರ್ ಅಗಲದ ಸ್ಯಾಟಿನ್ ರಿಬ್ಬನ್, ಮುಚ್ಚಳದ ಮೇಲೆ ಅರ್ಧ ಮಿಲಿಮೀಟರ್ ಉಬ್ಬಿದ ಲೋಗೋ. ಒಂದು ಕಡೆ ಫೋಟೋಶಾಪ್‌ನ ಸ್ಮಾರ್ಟ್ ಆಬ್ಜೆಕ್ಟ್ ಮಾಕಪ್, ಇನ್ನೊಂದು ಕಡೆ ಬ್ಲೆಂಡರ್‌ನ Cycles ರೆಂಡರ್ ಎಂಜಿನ್.

ಕಾಗದದ ವಿಚಾರದಲ್ಲಿ ಎರಡೂ ಸರಿಸಮ. ಗಮನಿಸಬೇಕಾದದ್ದು ಟೆಕ್ಸ್ಚರ್‌ನ ಅಳತೆ ಮಾತ್ರ. ಕ್ರಾಫ್ಟ್ ಕಾಗದದ ನಾರು ಒಂದೆರಡು ಮಿಲಿಮೀಟರ್ ಉದ್ದ ಕಾಣಬೇಕು. ಎರಡು ಸೆಂಟಿಮೀಟರ್ ಆಗಿಬಿಟ್ಟರೆ ಇಡೀ ಪೆಟ್ಟಿಗೆ ಬೆಂಕಿಪೊಟ್ಟಣದಂತೆ ಕಾಣುತ್ತದೆ.

ವ್ಯತ್ಯಾಸ ಶುರುವಾಗುವುದು ಉಬ್ಬಿನಲ್ಲಿ. ಫೋಟೋಶಾಪ್‌ನಲ್ಲಿ Bevel & Emboss ಹಾಕಲು ಎರಡು ಜಾಗಗಳಿವೆ, ಎರಡರಲ್ಲೂ ತೊಡಕಿದೆ. ಸ್ಮಾರ್ಟ್ ಆಬ್ಜೆಕ್ಟ್‌ನ ಒಳಗೆ ಹಾಕಿದರೆ ಉಬ್ಬಿನ ಅಂಚು ಮುಚ್ಚಳದ ಪರ್ಸ್‌ಪೆಕ್ಟಿವ್‌ಗೆ ಸರಿಯಾಗಿ ಬಾಗುತ್ತದೆ, ಆದರೆ ಅದರ ಬೆಳಕಿನ ದಿಕ್ಕೂ ಜೊತೆಗೇ ತಿರುಗಿಬಿಡುತ್ತದೆ. ಹೊರಗೆ ಹಾಕಿದರೆ ಬೆಳಕು ಸರಿಯಾಗಿರುತ್ತದೆ, ಆದರೆ ಹತ್ತಿರದ ಅಕ್ಷರಕ್ಕೂ ದೂರದ ಅಕ್ಷರಕ್ಕೂ ಅಂಚಿನ ಅಗಲ ಒಂದೇ ಆಗಿ, ಲೋಗೋ ಮೇಲೆ ಅಂಟಿಸಿದಂತೆ ಕಾಣುತ್ತದೆ. ಒಳಗೆ ಹಾಕಿ, Global Light ಟಿಕ್ ತೆಗೆದು, ಕೋನವನ್ನು ಕೈಯಾರೆ ಸರಿಪಡಿಸುವುದೇ ಮೇಲು. ಸರಿಯಾಯಿತೇ ಎಂದು ತಿಳಿಯಲು ಪೆಟ್ಟಿಗೆಯ ನೆರಳು ನೋಡಿ. ನೆರಳು ಬಲಕ್ಕೆ ಬಿದ್ದಿದ್ದರೆ ಅಕ್ಷರದ ಎಡ ಅಂಚು ಹೊಳೆಯಬೇಕು. ಬಲ ಅಂಚು ಹೊಳೆದರೆ ಉಬ್ಬಿದ ಲೋಗೋ ಒಳಕ್ಕೆ ಒತ್ತಿದಂತೆ ಕಾಣುತ್ತದೆ. ಏನು ತಪ್ಪಾಗಿದೆ ಎಂದು ನೋಡುವವರಿಗೆ ಹೇಳಲು ಬಾರದಿದ್ದರೂ ಕಣ್ಣಿಗೆ ಕಿರಿಕಿರಿ ತಪ್ಪುವುದಿಲ್ಲ.

ಬ್ಲೆಂಡರ್‌ನಲ್ಲಿ ಈ ದಿಕ್ಕಿನ ಗೋಜೇ ಇಲ್ಲ. ಲೋಗೋವನ್ನು ಕಪ್ಪು ಹಿನ್ನೆಲೆಯ ಮೇಲೆ ಬಿಳಿಯಾಗಿ, 16 ಬಿಟ್ ಚಿತ್ರವಾಗಿ ಉಳಿಸಿ, Color Space ಅನ್ನು Non-Color ಮಾಡಿ Bump ನೋಡ್‌ನ Height ಗೆ ಕೊಡಿ. Distance 0.0005, ಅಂದರೆ ಅರ್ಧ ಮಿಲಿಮೀಟರ್. ಪೆಟ್ಟಿಗೆ ನಿಜವಾದ ಅಳತೆಯಲ್ಲಿ, 0.3 ಮೀಟರ್ ಉದ್ದಕ್ಕೆ ಇದ್ದರೆ ಮಾತ್ರ ಈ ಸಂಖ್ಯೆಗೆ ಅರ್ಥ. ಚಿತ್ರವನ್ನು ಬ್ಲರ್ ಮಾಡದೆ ಕೊಡುವುದು ಸಾಮಾನ್ಯ ತಪ್ಪು. ಒತ್ತಿದ ಕಾಗದ ಗೋಡೆಯಂತೆ ನೆಟ್ಟಗೆ ಏಳುವುದಿಲ್ಲ, ಸಣ್ಣ ಇಳಿಜಾರಿನಲ್ಲಿ ಏಳುತ್ತದೆ. 300 ಮಿಲಿಮೀಟರ್‌ಗೆ 4096 ಪಿಕ್ಸೆಲ್ ಇದ್ದರೆ ಅರ್ಧ ಮಿಲಿಮೀಟರ್ ಅಂದರೆ ಸುಮಾರು 7 ಪಿಕ್ಸೆಲ್. 3-4 ಪಿಕ್ಸೆಲ್ Gaussian Blur ಸಾಕು. 8 ಬಿಟ್ ಚಿತ್ರವಾದರೆ ಅಗಲವಾದ ಇಳಿಜಾರುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಗೆರೆ ಕಾಣಿಸಬಹುದು. Bump ನಿಜವಾಗಿ ಮೇಲ್ಮೈಯನ್ನು ಎತ್ತುವುದಿಲ್ಲ, ಹಾಗಾಗಿ ಲೋಗೋ ತನ್ನ ನೆರಳು ಬೀರುವುದಿಲ್ಲ. ಇಡೀ ಪೆಟ್ಟಿಗೆಯ ನೋಟಕ್ಕೆ ಇದು ಕೊರತೆಯೇ ಅಲ್ಲ. ಲೋಗೋದ ಕ್ಲೋಸಪ್ ಬೇಕಾದಾಗ ಮಾತ್ರ Displacement ಹಾಕಿ, ಮುಚ್ಚಳವನ್ನು ಚೆನ್ನಾಗಿ ಸಬ್‌ಡಿವೈಡ್ ಮಾಡಿ.

ಬ್ಲೆಂಡರ್ ನಿಚ್ಚಳವಾಗಿ ಗೆಲ್ಲುವುದು ನೆರಳಿನಲ್ಲಿ. ನೆರಳಿನ ಅಂಚು ಎಷ್ಟು ಮಸುಕಾಗುತ್ತದೆ ಎನ್ನುವುದು ದೀಪದ ಅಗಲ ಮತ್ತು ನೆರಳು ಬೀಳುವ ದೂರದ ಮೇಲೆ ನಿಂತಿದೆ. 60 ಸೆಂಟಿಮೀಟರ್ ಅಗಲದ Area ದೀಪವನ್ನು ಒಂದು ಮೀಟರ್ ದೂರದಲ್ಲಿಟ್ಟರೆ, ಅಂಚಿನಿಂದ 10 ಸೆಂಟಿಮೀಟರ್ ಆಚೆ ಬಿದ್ದ ನೆರಳು ಸುಮಾರು 6 ಸೆಂಟಿಮೀಟರ್ ಮಸುಕಾಗುತ್ತದೆ. ಅದೇ ದೀಪದಲ್ಲಿ, ಮುಚ್ಚಳದಿಂದ ಒಂದು ಮಿಲಿಮೀಟರ್ ಎದ್ದ ರಿಬ್ಬನ್‌ನ ನೆರಳು ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು ಮಸುಕಾಗುತ್ತದೆ, ಅಷ್ಟೆ. Cycles ಇದನ್ನು ತಾನೇ ಲೆಕ್ಕ ಹಾಕುತ್ತದೆ. ಫೋಟೋಶಾಪ್‌ನಲ್ಲಿ ಎರಡಕ್ಕೂ ಒಂದೇ Drop Shadow ಎಳೆದರೆ ರಿಬ್ಬನ್ ಗಾಳಿಯಲ್ಲಿ ತೇಲುತ್ತದೆ. ಅಲ್ಲಿ ಪೆಟ್ಟಿಗೆಯ ಬುಡಕ್ಕೆ 2-3 ಪಿಕ್ಸೆಲ್ ಬ್ಲರ್‌ನ ಗಾಢ ಪದರ ಒಂದು, ಅದರಾಚೆ ಹರಡಿದ ತಿಳಿ ಪದರ ಇನ್ನೊಂದು, ರಿಬ್ಬನ್‌ಗೆ ಬೇರೆಯೇ ತೆಳು ಪದರ, ಹೀಗೆ ಮೂರನ್ನೂ Multiply ನಲ್ಲಿ ಕಟ್ಟಬೇಕು. ಅಪ್ಪಟ ಕಪ್ಪಿನ ಬದಲು ನೆಲದ ಬಣ್ಣದ ಗಾಢ ಛಾಯೆ ಹಾಕಿ.

ರಿಬ್ಬನ್‌ನಲ್ಲಿ ಬಹಳ ಮಂದಿ ಎಡವುವುದು ಮುಚ್ಚಳದ ಅಂಚಿನಲ್ಲಿ. ಮುಚ್ಚಳ ಕೆಳಗಿನ ಪೆಟ್ಟಿಗೆಗಿಂತ ಎರಡು ಮಿಲಿಮೀಟರ್ ಹೊರಕ್ಕಿರುತ್ತದೆ. ಬಿಗಿದ ರಿಬ್ಬನ್ ಆ ತುದಿಯಿಂದ ನೇರವಾಗಿ ಕೆಳಗಿಳಿಯಬೇಕು, ಗೋಡೆಗೂ ಅದಕ್ಕೂ ನಡುವೆ ಕಿರಿದಾದ ಕಪ್ಪು ಸಂದು ಉಳಿಯಬೇಕು. Shrinkwrap ಹಾಕಿದರೆ ರಿಬ್ಬನ್ ಗೋಡೆಗೆ ಅಂಟಿ ಬಣ್ಣದ ಪಟ್ಟಿಯಂತಾಗುತ್ತದೆ. ಅಂಚಿನ ಕೆಳಗೆ Shrinkwrap ಬಿಟ್ಟು ರಿಬ್ಬನ್ ಅನ್ನು ಕೈಯಲ್ಲೇ ಎಳೆಯಿರಿ. ಮಾಕಪ್‌ನಲ್ಲಿ ಫೋಟೋ ತೆಗೆದ ನಿಜವಾದ ರಿಬ್ಬನ್ ಇದ್ದರೆ ಈ ಸಂದು ತಾನಾಗಿ ಬಂದಿರುತ್ತದೆ, ಬೋ ಗಂಟಿನ ಮಡಿಕೆಗಳೂ ಬ್ಲೆಂಡರ್‌ನಲ್ಲಿ ಗಂಟೆಗಟ್ಟಲೆ ಕೂತು ಮಾಡಿದ್ದಕ್ಕಿಂತ ಸಹಜವಾಗಿರುತ್ತವೆ. ಆದರೆ ಆ ಫೋಟೋದ ಬೆಳಕಿಗೆ ಉಳಿದೆಲ್ಲವೂ ಹೊಂದಲೇಬೇಕು.

ಹಾಗಾಗಿ ಒಂದೇ ಕೋನದ ಚಿತ್ರ, ಹತ್ತು ಬಣ್ಣಗಳಲ್ಲಿ, ಇವತ್ತೇ ಬೇಕು ಅಂದರೆ ಒಳ್ಳೆಯ ಮಾಕಪ್ ತೆಗೆದುಕೊಳ್ಳಿ. ಮೂರು ಕೋನ ಬೇಕಿದ್ದರೆ, ಅಥವಾ ಪೆಟ್ಟಿಗೆಯ ಅಳತೆ ಇನ್ನೂ ಬದಲಾಗುವಂತಿದ್ದರೆ, ಬ್ಲೆಂಡರ್‌ನಲ್ಲೇ ಶುರುಮಾಡಿ.